ಮೂರು ಸಿಲಿಂಡರ್, ನಾಲ್ಕು ಸಿಲಿಂಡರ್: ಸಣ್ಣ ಕಾರಿನ ನಡುಕ ಎಲ್ಲಿಂದ ಬರುತ್ತದೆ, ಎಲ್ಲಿ ಅಡಗುತ್ತದೆ

(ಬೆಳಗಾವಿಯಲ್ಲಿ ವಾಹನ ಮಾಲೀಕರು ಮತ್ತು ಗ್ಯಾರೇಜ್ ವೃತ್ತಿಯವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

2024ರ ಮೇ ತಿಂಗಳಲ್ಲಿ ಮಾರುತಿ ಸ್ವಿಫ್ಟ್‌ನ ಹೊಸ ಮಾದರಿ ಬಂದಾಗ ನಮ್ಮ ಊರಿನಲ್ಲಿ ಹೆಚ್ಚಿನವರು ನೋಡಿದ್ದು ಅದರ ಹೊರಗಿನ ರೂಪವನ್ನು. ನಿಜವಾದ ಬದಲಾವಣೆ ಬಾನೆಟ್ಟಿನ ಕೆಳಗಿತ್ತು. ಅಲ್ಲಿಯವರೆಗೆ ಆ ಕಾರಿನಲ್ಲಿದ್ದದ್ದು 1197 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಹೊಸದರಲ್ಲಿಯೂ ಅದೇ 1197 ಸಿಸಿ, ಆದರೆ ಮೂರೇ ಸಿಲಿಂಡರ್. ಅದೇ ವರ್ಷದ ನವೆಂಬರಿನಲ್ಲಿ ಡಿಸೈರ್ ಕೂಡ ಇದೇ ಎಂಜಿನ್ನಿಗೆ ಬದಲಾಯಿತು. ಮೂರು ಮತ್ತು ನಾಲ್ಕನ್ನು ಹೋಲಿಸಿ ನೋಡಲು ಇದಕ್ಕಿಂತ ನ್ಯಾಯವಾದ ಜೋಡಿ ಸಿಗುವುದು ಕಷ್ಟ. ಕಂಪನಿ ಒಂದೇ, ಕಾರಿನ ಹೆಸರು ಒಂದೇ, ಎಂಜಿನ್ನಿನ ಗಾತ್ರವೂ ಒಂದೇ.

ಅಂದಿನಿಂದ ನನ್ನನ್ನು ಕೇಳುವವರ ಪ್ರಶ್ನೆಯೂ ಒಂದೇ ಆಗಿಬಿಟ್ಟಿದೆ: "ಸರ್, ಮೂರು ಸಿಲಿಂಡರ್ ಅಂದರೆ ಕಡಿಮೆ ದರ್ಜೆಯ ಎಂಜಿನ್ ತಾನೇ?" ಅಲ್ಲ. ಆದರೆ ಅದು ನಡುಗುತ್ತದೆ ಎಂಬ ದೂರು ಸುಳ್ಳೂ ಅಲ್ಲ. ನಡುಕಕ್ಕೆ ಕಾರಣ ಕಳಪೆ ತಯಾರಿಕೆಯಲ್ಲ, ಲೆಕ್ಕಾಚಾರ. ಆ ನಡುಕವನ್ನು ನಿಮ್ಮ ಕೈಗೂ ಸೀಟಿಗೂ ತಲುಪದಂತೆ ತಡೆಯುವ ಕೆಲಸವನ್ನು ಕೆಲವು ರಬ್ಬರ್ ತುಂಡುಗಳಿಗೆ ವಹಿಸಲಾಗಿದೆ. ರಬ್ಬರಿಗೆ ವಯಸ್ಸಾಗುತ್ತದೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಮುಖ್ಯವಾಗಿ ಇದನ್ನೇ.

ಮೊದಲು ಲೆಕ್ಕ ನೋಡೋಣ. ಪೆಟ್ರೋಲ್ ಕಾರಿನ ಎಂಜಿನ್ನಿನಲ್ಲಿ ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರ್ ಒಂದು ಸಲ ಉರಿಯುತ್ತದೆ. ಎರಡು ಸುತ್ತು ಎಂದರೆ 720 ಡಿಗ್ರಿ. ನಾಲ್ಕು ಸಿಲಿಂಡರ್ ಇದ್ದರೆ ಪ್ರತಿ 180 ಡಿಗ್ರಿಗೆ ಒಂದು ಉರಿ, ಮೂರು ಇದ್ದರೆ ಪ್ರತಿ 240 ಡಿಗ್ರಿಗೆ ಒಂದು. ಪಿಸ್ಟನ್ ಮೇಲಿನಿಂದ ಕೆಳಗಿಳಿಯುವ ಹಾದಿ 180 ಡಿಗ್ರಿಯಷ್ಟೇ ಆಗಿರುವುದರಿಂದ ನಾಲ್ಕರಲ್ಲಿ ಒಂದು ಪಿಸ್ಟನ್ ಒತ್ತಿ ಮುಗಿಸುವ ಹೊತ್ತಿಗೆ ಇನ್ನೊಂದು ಒತ್ತಲು ಶುರು ಮಾಡಿರುತ್ತದೆ. ಮೂರರಲ್ಲಿ ನಡುವೆ ಕನಿಷ್ಠ 60 ಡಿಗ್ರಿಯಷ್ಟು ಹೊತ್ತು ಯಾರೂ ಒತ್ತುತ್ತಿರುವುದಿಲ್ಲ. ಆಗ ಕ್ರ್ಯಾಂಕನ್ನು ಮುಂದಕ್ಕೆ ಎಳೆಯುವುದು ಅದರ ತುದಿಯಲ್ಲಿರುವ ಭಾರದ ಚಕ್ರ, ಫ್ಲೈವೀಲ್ ಮಾತ್ರ.

ಈಗ ಸಿಗ್ನಲ್‌ನಲ್ಲಿ ನಿಂತ ಕಾರನ್ನು ಕಲ್ಪಿಸಿಕೊಳ್ಳಿ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ. ನಾಲ್ಕು ಸಿಲಿಂಡರಿನಲ್ಲಿ ಸೆಕೆಂಡಿಗೆ ಸುಮಾರು 27 ಹೊಡೆತ, ಮೂರರಲ್ಲಿ 20. ಅಂತರ ಏಳೇ ಆದರೂ ಪರಿಣಾಮ ದೊಡ್ಡದು, ಏಕೆಂದರೆ ವೇಗದ ನಡುಕವನ್ನು ರಬ್ಬರ್ ಸುಲಭವಾಗಿ ನುಂಗುತ್ತದೆ, ನಿಧಾನದ ನಡುಕವನ್ನು ನುಂಗಲಾರದು. ಮೌಂಟಿಂಗ್ ಎಂಬ ಆ ರಬ್ಬರ್ ತುಂಡುಗಳ ಮೇಲೆ ಕುಳಿತ ಎಂಜಿನ್ನಿಗೆ ತನ್ನದೇ ಆದ ಒಂದು ತೂಗುವ ಲಯವಿರುತ್ತದೆ. ಹೊಡೆತ ಆ ಲಯಕ್ಕಿಂತ ಎಷ್ಟು ವೇಗವಾಗಿದೆಯೋ ಅಷ್ಟು ಚೆನ್ನಾಗಿ ಅದು ಬಾಡಿಗೆ ಮುಟ್ಟದೆ ಉಳಿಯುತ್ತದೆ. ಲಯದ ಹತ್ತಿರಕ್ಕೆ ಬಂದಂತೆ ಸ್ಟಿಯರಿಂಗ್, ಸೀಟು, ಹಿಂದಿನದನ್ನು ನೋಡುವ ಕನ್ನಡಿ ಎಲ್ಲವೂ ಅದುರಲು ಶುರುವಾಗುತ್ತವೆ. ಇನ್ನೊಂದು ವಿಷಯ ಗಮನಿಸಿ. ಮೂರು ಸಿಲಿಂಡರ್ ಎಂಜಿನ್ 1,067 ಸುತ್ತು ಮುಟ್ಟಿದಾಗ ಅದರ ಹೊಡೆತದ ವೇಗ 800 ಸುತ್ತಿನಲ್ಲಿರುವ ನಾಲ್ಕರಷ್ಟೇ ಆಗುತ್ತದೆ. ಅಂದರೆ ಸಿಗ್ನಲ್‌ನಲ್ಲಿ ನಿಮ್ಮನ್ನು ಕಾಡುವ ಆ ನಡುಕ ಆಕ್ಸಲರೇಟರನ್ನು ಕೊಂಚ ಮುಟ್ಟಿದೊಡನೆ ಮಾಯವಾಗುತ್ತದೆ. ಹೆದ್ದಾರಿಯಲ್ಲಿ 2,500 ಸುತ್ತಿನ ಸುಮಾರಿನಲ್ಲಿ ಓಡುವಾಗ ಮೂರೂ ನಾಲ್ಕೂ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ. ಸದ್ದಿನಲ್ಲಿ ಮಾತ್ರ ವ್ಯತ್ಯಾಸ ಉಳಿಯುತ್ತದೆ. ಮೂರರದ್ದು ಕೊಂಚ ಗುರುಗುಟ್ಟುವ ಸದ್ದು. ನನಗಂತೂ ಅದು ಇಷ್ಟ.

ಇದು ಉರಿಯುವಿಕೆಯ ಹೊಡೆತದ ಮಾತಾಯಿತು. ಎರಡನೆಯದು ಪಿಸ್ಟನ್‌ಗಳ ತೂಕದ ಮಾತು. ನಾಲ್ಕರಲ್ಲಿ ಹೊರಗಿನ ಎರಡು ಪಿಸ್ಟನ್ ಮೇಲೆ ಹೋಗುವಾಗ ಒಳಗಿನ ಎರಡು ಕೆಳಗೆ ಬರುತ್ತವೆ. ತೂಕ ಸರಿದೂಗುತ್ತದೆ. ಪೂರ್ತಿ ಅಲ್ಲ, ಏಕೆಂದರೆ ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಪಿಸ್ಟನ್ ತನ್ನ ಹಾದಿಯ ಮೇಲರ್ಧದಲ್ಲಿ ಹೆಚ್ಚು ವೇಗವಾಗಿ, ಕೆಳಗರ್ಧದಲ್ಲಿ ನಿಧಾನವಾಗಿ ಚಲಿಸುತ್ತದೆ. ಹಾಗಾಗಿ ಪ್ರತಿ ಸುತ್ತಿಗೆ ಎರಡು ಸಲ ಒಂದಿಷ್ಟು ಬಲ ಮೇಲೆ ಕೆಳಗೆ ಉಳಿದುಬಿಡುತ್ತದೆ. ಐಡ್ಲಿಂಗ್‌ನಲ್ಲಿ ಅದು ಗೊತ್ತೇ ಆಗದು. 4,000 ದಾಟಿದ ಮೇಲೆ ನಾಲ್ಕು ಸಿಲಿಂಡರ್ ಎಂಜಿನ್ ಝುಮ್ಮೆನ್ನುವುದು ಅದರಿಂದಲೇ.

ಮೂರರಲ್ಲಿ ಪಿಸ್ಟನ್‌ಗಳು 120 ಡಿಗ್ರಿ ಅಂತರದಲ್ಲಿ ಚಲಿಸುವುದರಿಂದ ಮೇಲೆ ಕೆಳಗಿನ ಬಲಗಳ ಮೊತ್ತ ಸೊನ್ನೆ. ನಾಲ್ಕರಲ್ಲಿ ಉಳಿದುಬಿಡುವ ಆ ಬಲವೂ ಇಲ್ಲಿ ಉಳಿಯದು. ಕೇಳಿದರೆ ಮೂರೇ ಮೇಲು ಎನಿಸುತ್ತದೆ. ತೊಂದರೆ ಇರುವುದು ಬಲಗಳು ಇರುವ ಜಾಗದಲ್ಲಿ. ಒಂದು ತುದಿಯ ಪಿಸ್ಟನ್ ಮೇಲಕ್ಕೆ ಎಳೆಯುವಾಗ ಇನ್ನೊಂದು ತುದಿಯದು ಕೆಳಕ್ಕೆ ಎಳೆಯುತ್ತದೆ. ಹೊರಸಿನ ತಲೆಯ ಕಡೆಯನ್ನೂ ಕಾಲಿನ ಕಡೆಯನ್ನೂ ಇಬ್ಬರು ಸರದಿಯ ಮೇಲೆ ಎತ್ತಿ ಇಳಿಸಿದರೆ ಹೇಗೋ ಹಾಗೆ, ಎಂಜಿನ್ ಒಟ್ಟಾರೆ ಮೇಲೆ ಕೆಳಗೆ ಹೋಗುವುದಿಲ್ಲ, ಉದ್ದಕ್ಕೆ ತೂಗಾಡುತ್ತದೆ. ಈ ತೂಗಾಟ ಸುತ್ತಿಗೆ ಒಂದು ಸಲ. 800 ಸುತ್ತಿನಲ್ಲಿ ಸೆಕೆಂಡಿಗೆ 13ರಷ್ಟು. ಮತ್ತೆ ಅದೇ ನಿಧಾನದ ನಡುಕ, ರಬ್ಬರಿಗೆ ಕಷ್ಟವಾಗುವಂಥದ್ದು.

ರೈತ ಕುಟುಂಬದಿಂದ ಬಂದವರು ಇಲ್ಲಿ ಬಹಳ ಜನ ಇದ್ದೀರಿ. ನಿಮ್ಮ ಮನೆಯ ಟ್ರ್ಯಾಕ್ಟರಿನಲ್ಲಿ ಬಹುಶಃ ಮೂರು ಸಿಲಿಂಡರ್ ಇರುತ್ತದೆ. ನಮ್ಮಲ್ಲಿ ಕಬ್ಬಿನ ಟ್ರೇಲರ್ ಎಳೆಯುವ ನಲವತ್ತು, ಐವತ್ತು ಅಶ್ವಶಕ್ತಿಯ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು ಹಾಗೇ. ಅವುಗಳ ಬಾಳಿಕೆಯ ಬಗ್ಗೆ ನಿಮಗೆ ಯಾರೂ ಪಾಠ ಹೇಳಬೇಕಿಲ್ಲ. ಟ್ರ್ಯಾಕ್ಟರ್ ಅದುರುತ್ತದೆ, ಆದರೆ ಅದನ್ನು ಯಾರೂ ದೋಷವೆಂದು ಎಣಿಸುವುದಿಲ್ಲ. ಕಾರಿನ ಮಾತಿಗೆ ಬಂದರೆ, 1983ರಲ್ಲಿ ಬಂದ ಮಾರುತಿ 800ರಲ್ಲಿ ಇದ್ದದ್ದು 796 ಸಿಸಿಯ ಮೂರು ಸಿಲಿಂಡರ್. 2014ರ ಆರಂಭದಲ್ಲಿ ಅದರ ತಯಾರಿಕೆ ನಿಂತಿತು. ಈಗಲೂ ನಮ್ಮ ಹಳ್ಳಿಗಳಲ್ಲಿ ಓಡಾಡುತ್ತಿವೆ. ಆದ್ದರಿಂದ ಮೂರು ಸಿಲಿಂಡರ್ ಬೇಗ ಸವೆಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಾಳಿಕೆಯನ್ನು ನಿರ್ಧರಿಸುವುದು ಎಣ್ಣೆ ಬದಲಾವಣೆ ಮತ್ತು ಕೂಲಂಟ್, ಸಿಲಿಂಡರಿನ ಸಂಖ್ಯೆಯಲ್ಲ.

ಹಾಗಾದರೆ ಕಂಪನಿಗಳು ಮೂರಕ್ಕೆ ಏಕೆ ಹೋಗುತ್ತವೆ? ಸಂಕ್ಷೇಪವಾಗಿ ಹೇಳುತ್ತೇನೆ. ಒಂದು ಪಿಸ್ಟನ್, ಅದರ ರಿಂಗುಗಳು, ಒಂದು ಮುಖ್ಯ ಬೇರಿಂಗ್ ಕಡಿಮೆಯಾದರೆ ಅಷ್ಟು ಘರ್ಷಣೆ ಕಡಿಮೆ. ತಲಾ 300 ಸಿಸಿಯ ನಾಲ್ಕು ಸಿಲಿಂಡರಿಗಿಂತ ತಲಾ 400 ಸಿಸಿಯ ಮೂರು ಸಿಲಿಂಡರಿನಲ್ಲಿ ಲೋಹದ ಗೋಡೆಗೆ ಸೋರಿಹೋಗುವ ಶಾಖವೂ ಕಡಿಮೆ. ತಯಾರಿಕೆಯ ಖರ್ಚೂ ಕಡಿಮೆ. ಸ್ವಿಫ್ಟ್‌ನ ಮ್ಯಾನ್ಯುವಲ್ ಗೇರ್ ಮಾದರಿಯ ಘೋಷಿತ ಮೈಲೇಜ್ ಲೀಟರಿಗೆ 22.38 ಕಿಲೋಮೀಟರ್ ಇದ್ದದ್ದು 24.80 ಆಯಿತು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ಆ ಲೆಕ್ಕದಲ್ಲಿ ಉಳಿಯುವುದು ನಾಲ್ಕು ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲ್. ಅದರ ಜೊತೆಗೆ ಗರಿಷ್ಠ ಶಕ್ತಿ 90 ಪಿಎಸ್‌ನಿಂದ ಸುಮಾರು 82ಕ್ಕೆ ಇಳಿಯಿತು ಎಂಬುದನ್ನೂ ಮರೆಯಬೇಡಿ. ಟಾರ್ಕ್ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ವಂಟಮೂರಿ ಘಾಟಿಯನ್ನು ಎರಡು ಸಾವಿರ, ಎರಡೂವರೆ ಸಾವಿರ ಸುತ್ತಿನಲ್ಲಿ ಹತ್ತುವವರಿಗೆ ಆ ಎಂಟು ಪಿಎಸ್ ಕಡಿಮೆಯಾದದ್ದು ಅಷ್ಟಾಗಿ ತಿಳಿಯದು. ಲಾರಿಯನ್ನು ಹಿಂದೆ ಹಾಕಲು ಎಂಜಿನ್ನನ್ನು ಪೂರ್ತಿ ಎಳೆಯುವವರಿಗೆ ತಿಳಿಯುತ್ತದೆ.

ಈಗ ಉದ್ಯಮಬಾಗ ಕೈಗಾರಿಕಾ ಪ್ರದೇಶದಿಂದ ಬಂದವರಿಗಾಗಿ ಒಂದು ಮಾತು. ನಿಮ್ಮಲ್ಲಿ ಕೆಲವರು ಲೇತ್ ಮತ್ತು ಬ್ಯಾಲೆನ್ಸಿಂಗ್ ಯಂತ್ರದ ಮುಂದೆ ದಿನ ಕಳೆಯುವವರು. ಉದ್ದಕ್ಕೆ ತೂಗಾಡುವ ಆ ಚಲನೆಯನ್ನು ಅಡಗಿಸಲು ಕ್ರ್ಯಾಂಕಿಗೆ ವಿರುದ್ಧ ದಿಕ್ಕಿನಲ್ಲಿ ಅದೇ ವೇಗದಲ್ಲಿ ತಿರುಗುವ ಬ್ಯಾಲೆನ್ಸ್ ಶಾಫ್ಟ್ ಹಾಕಬಹುದು. ಆದರೆ ಅದಕ್ಕೆ ಖರ್ಚೂ ಇದೆ, ಘರ್ಷಣೆಯೂ ಇದೆ. ಫೋರ್ಡ್ ತನ್ನ 1.0 ಲೀಟರ್ ಇಕೋಬೂಸ್ಟ್ ಎಂಜಿನ್ನಿನಲ್ಲಿ ಬೇರೆ ದಾರಿ ಹಿಡಿಯಿತು. 2013ರಲ್ಲಿ ನಮ್ಮ ದೇಶಕ್ಕೆ ಇಕೋಸ್ಪೋರ್ಟ್ ಕಾರಿನಲ್ಲಿ ಬಂದ ಎಂಜಿನ್ ಅದು. ಅದರಲ್ಲಿ ಶಾಫ್ಟ್ ಇಲ್ಲ. ಮುಂದಿನ ಪುಲ್ಲಿ ಮತ್ತು ಹಿಂದಿನ ಫ್ಲೈವೀಲ್‌ಗಳನ್ನು ಬೇಕೆಂದೇ ತೂಕ ತಪ್ಪಿಸಿ ಮಾಡಿದ್ದಾರೆ. ತೂಗಾಟ ಮೇಲೆ ಕೆಳಗೆ ಆಗುವ ಬದಲು ಪಕ್ಕಕ್ಕೆ ತಿರುಗುತ್ತದೆ, ಪಕ್ಕದ ಚಲನೆಯನ್ನು ಮೌಂಟಿಂಗ್ ಸುಲಭವಾಗಿ ತಡೆಯುತ್ತದೆ. ಇಂಥ ಫ್ಲೈವೀಲನ್ನು ಬಿಚ್ಚಿ ಯಂತ್ರಕ್ಕೆ ಹಾಕಿದರೆ ಅದು ತೂಕ ತಪ್ಪಿದೆ ಎಂದೇ ತೋರಿಸುತ್ತದೆ. ಒಳ್ಳೆಯ ಮನಸ್ಸಿನಿಂದ ಅದಕ್ಕೆ ಡ್ರಿಲ್ ಹೊಡೆದು ಸರಿಪಡಿಸಿಕೊಟ್ಟರೆ ಆ ಕಾರು ಮತ್ತೆ ಎಂದೂ ನೆಟ್ಟಗೆ ನಿಲ್ಲದು. ಬೇರೆ ಮಾದರಿಯ ಪುಲ್ಲಿ ಕೂರಿಸಿದರೂ ಅದೇ ಗತಿ. ಮೂರು ಸಿಲಿಂಡರಿನ ಫ್ಲೈವೀಲ್ ಅಥವಾ ಪುಲ್ಲಿ ನಿಮ್ಮ ಕೈಗೆ ಬಂದರೆ ಮೊದಲು ಕಂಪನಿಯ ಕೈಪಿಡಿ ನೋಡಿ, ಬಿಚ್ಚುವ ಮುನ್ನ ಅದು ಕುಳಿತಿದ್ದ ಸ್ಥಾನಕ್ಕೆ ಗುರುತು ಹಾಕಿಕೊಳ್ಳಿ.

ಇನ್ನು ರಬ್ಬರಿನ ಕಥೆ. ಇದನ್ನು ಒಂದು ಕಾರಿನ ಉದಾಹರಣೆಯಿಂದಲೇ ಹೇಳುತ್ತೇನೆ. ಗೋಕಾಕದ ಒಬ್ಬ ಶಿಕ್ಷಕರ ಬಳಿ ಮೂರು ಸಿಲಿಂಡರಿನ ಹ್ಯಾಚ್‌ಬ್ಯಾಕ್ ಇದೆ, ಏಳು ವರ್ಷ ಹಳೆಯದು, ಎಂಬತ್ತು ಸಾವಿರ ಕಿಲೋಮೀಟರ್ ದಾಟಿದೆ. ಅವರ ದೂರು ಇದು: ನಿಂತಾಗ ಎಸಿ ಹಾಕಿದರೆ ಸ್ಟಿಯರಿಂಗ್ ಅದುರುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿ ಮಸುಕಾಗಿ ಕಾಣುತ್ತದೆ. ಓಡಲು ಶುರುವಾದರೆ ಏನೂ ಇಲ್ಲ. ಒಂದು ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬದಲಿಸಿದರು, ಥ್ರಾಟಲ್ ಬಾಡಿ ತೊಳೆದರು, ಆಮೇಲೆ ಇಂಜೆಕ್ಟರುಗಳನ್ನೂ ತೊಳೆದರು. ಹಣ ಹೋಯಿತು, ನಡುಕ ಹಾಗೇ ಉಳಿಯಿತು.

ಆ ಕಾರನ್ನು ನೋಡಿದಾಗ ಮೊದಲು ಗಮನಿಸಬೇಕಾದದ್ದು ನಡುಕದ ಸ್ವಭಾವ. ಅದು ಒಂದೇ ಸಮನಾಗಿತ್ತು, ಎಡವುತ್ತಿರಲಿಲ್ಲ. ಆರ್‌ಪಿಎಂ ಮುಳ್ಳು 800ರಲ್ಲಿ ಅಲುಗದೆ ನಿಂತಿತ್ತು. ಸೈಲೆನ್ಸರಿನ ಬಾಯಿಯ ಹತ್ತಿರ ಅಂಗೈ ಹಿಡಿದರೆ ಗಾಳಿಯ ಹೊಡೆತ ಸಮನಾಗಿ ಬಡಿಯುತ್ತಿತ್ತು. ಎಂಜಿನ್ ದೀಪ ಹತ್ತಿರಲಿಲ್ಲ. 1,200ಕ್ಕೆ ಏರಿಸಿದೊಡನೆ ಸ್ಟಿಯರಿಂಗ್ ಶಾಂತವಾಗುತ್ತಿತ್ತು. ಎಸಿ ಆರಿಸಿದರೆ ನಡುಕ ಅರ್ಧಕ್ಕೆ ಇಳಿಯುತ್ತಿತ್ತು, ಏಕೆಂದರೆ ಕಂಪ್ರೆಸರಿನ ಹೊರೆ ಇಲ್ಲದಾಗ ಪ್ರತಿ ಹೊಡೆತದ ಬಲ ಕಡಿಮೆ. ಇಷ್ಟೂ ಸೇರಿ ಹೇಳುವುದೇನು? ಉರಿಯುವಿಕೆ ಸರಿಯಾಗಿದೆ, ಎಂಜಿನ್ ತನ್ನ ಸಹಜ ನಡುಕವನ್ನೇ ನಡುಗುತ್ತಿದೆ. ಅದನ್ನು ತಡೆಯಬೇಕಾದದ್ದು ತಡೆಯುತ್ತಿಲ್ಲ.

ಬಾನೆಟ್ ತೆರೆಯಿರಿ. ಇಂಥ ಕಾರಿನಲ್ಲಿ ಎಂಜಿನ್ ಸಾಮಾನ್ಯವಾಗಿ ಮೂರು ಕಡೆ ಹಿಡಿದಿರುತ್ತದೆ. ಒಂದು ಬೆಲ್ಟಿನ ಕಡೆ, ಒಂದು ಗೇರ್‌ಬಾಕ್ಸಿನ ಕಡೆ, ಮೂರನೆಯದು ಕೆಳಗೆ ಹಿಂದೆ, ಎಂಜಿನ್ ಮುಂದೆ ಹಿಂದೆ ಹೊರಳದಂತೆ ಹಿಡಿಯುವ ರಾಡ್. ಬೆಲ್ಟಿನ ಕಡೆಯದರೊಳಗೆ ಎಷ್ಟೋ ಕಾರುಗಳಲ್ಲಿ ದ್ರವ ತುಂಬಿರುತ್ತದೆ. ಶಿಕ್ಷಕರ ಕಾರಿನಲ್ಲಿ ಅದರ ಕೆಳಗೆ ಕಪ್ಪು ಜಿಡ್ಡಿನ ಕಲೆ ಇಳಿದಿತ್ತು. ದ್ರವ ಸೋರಿ ಹೋಗಿ ಅದು ಬರಿಯ ರಬ್ಬರಾಗಿ ಉಳಿದಿತ್ತು, ಎಂಜಿನ್ ಆ ಕಡೆ ಕುಸಿದಿತ್ತು. ಕೆಳಗಿನ ರಾಡನ್ನು ಪರೀಕ್ಷಿಸುವ ಕ್ರಮ ಹೀಗೆ: ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಹ್ಯಾಂಡ್ ಬ್ರೇಕ್ ಹಾಕಿ, ಕಾಲಿನ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಕಚ್ಚುವವರೆಗೆ ಮಾತ್ರ ಬಿಡಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಎಂಜಿನ್ ನೋಡಲಿ. ಸ್ವಲ್ಪ ವಾಲುವುದು ಸಹಜ. ಒಂದು ಅಂಗುಲ ಎದ್ದು, ಕ್ಲಚ್ ಒತ್ತಿದಾಗ ಧಡ್ ಎಂದು ಬಿದ್ದರೆ ರಾಡಿನ ರಬ್ಬರ್ ಹರಿದಿದೆ. ಇಲ್ಲಿ ಹರಿದಿತ್ತು.

ಮುಂದೆ ನಡೆದದ್ದು ಹೆಚ್ಚು ತಿಳಿಯಬೇಕಾದದ್ದು. ಶಿಕ್ಷಕರು ಅಗ್ಗದಲ್ಲಿ ಸಿಕ್ಕ ಮೌಂಟಿಂಗ್ ಹಾಕಿಸಿದರು. ನೋಡಲು ಅದೇ ಆಕಾರ, ಆದರೆ ಒಳಗೆ ದ್ರವವಿಲ್ಲ, ಗಟ್ಟಿ ರಬ್ಬರ್. ನಡುಕ ಮೊದಲಿಗಿಂತ ಹೆಚ್ಚಾಯಿತು. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಇಂಥ ರಬ್ಬರಿನಿಂದ ಎಷ್ಟೋ ಸಲ ನಡೆದುಹೋಗುತ್ತದೆ, ಮೂರರಲ್ಲಿ ನಡೆಯದು. ಕೊನೆಗೆ ಕಂಪನಿಯ ಮೂಲ ಭಾಗವನ್ನೇ ತರಿಸಿದರು. ಕೂರಿಸುವಾಗಲೂ ಒಂದು ಕ್ರಮವಿದೆ. ಎಲ್ಲ ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಜಾಕನ್ನು ಇಳಿಸಿ ಎಂಜಿನ್ ತನ್ನ ತೂಕದಲ್ಲಿ ತಾನೇ ಕೂರುವಂತೆ ಬಿಟ್ಟು, ಆಮೇಲೆ ಕೈಪಿಡಿ ಹೇಳುವ ಕ್ರಮದಲ್ಲಿ ಬಿಗಿಯಬೇಕು. ಮೊದಲೇ ಬಿಗಿದುಬಿಟ್ಟರೆ ಹೊಸ ರಬ್ಬರ್ ತಿರುಚಿಕೊಂಡೇ ನಿಂತು ನಡುಕವನ್ನು ಬಾಡಿಗೆ ದಾಟಿಸುತ್ತದೆ. ಹೊಸ ಮೌಂಟಿಂಗ್ ಹಾಕಿದರೂ ಹೋಗಲಿಲ್ಲ ಎನ್ನುವ ದೂರುಗಳಲ್ಲಿ ಇದೂ ಒಂದು ಕಾರಣವಾಗಿರುತ್ತದೆ. ಈ ಕಾರಿನಲ್ಲಿ ಕ್ರಮವಾಗಿ ಮಾಡಿದರು, ಕನ್ನಡಿ ಸ್ಪಷ್ಟವಾಯಿತು.

ಇದಕ್ಕೆ ವಿರುದ್ಧವಾದ ಸಂದರ್ಭವನ್ನೂ ಹೇಳಬೇಕು. ನಡುಕ ಎಡವುತ್ತಿದ್ದರೆ, ಆರ್‌ಪಿಎಂ ಮುಳ್ಳು ಕುಣಿಯುತ್ತಿದ್ದರೆ, ಅದು ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ನಾಲ್ಕರಲ್ಲಿ ಒಂದು ಸಿಲಿಂಡರ್ ಸತ್ತರೆ ಕಾಲು ಭಾಗ ಹೋಗುತ್ತದೆ. ಪಿಕಪ್ ಕಡಿಮೆಯಾಗಿದೆಯಲ್ಲ ಎಂದುಕೊಂಡು ಕೆಲವರು ವಾರಗಟ್ಟಲೆ ಓಡಿಸುತ್ತಾರೆ. ಮೂರರಲ್ಲಿ ಒಂದು ಸತ್ತರೆ ಮೂರನೆಯ ಒಂದು ಭಾಗವೇ ಹೋಗುತ್ತದೆ, ಎರಡು ಹೊಡೆತಗಳ ನಡುವೆ 480 ಡಿಗ್ರಿಯ ಖಾಲಿ ಜಾಗ ಬರುತ್ತದೆ, ಇಡೀ ಕಾರು ಕುಲುಕುತ್ತದೆ. ಒಂದು ರೀತಿಯಲ್ಲಿ ಒಳ್ಳೆಯದೇ, ಕಾಯಿಲೆ ಅಡಗಿ ಕೂರುವುದಿಲ್ಲ.

ಪತ್ತೆ ಹಚ್ಚುವುದು ಸುಲಭ. ಸ್ಕ್ಯಾನರ್ ಹಾಕಿದರೆ P0301, P0302, P0303 ಎಂಬ ಸಂಕೇತಗಳಲ್ಲಿ ಒಂದು ಕಾಣುತ್ತದೆ. ಕೊನೆಯ ಅಂಕಿಯೇ ಸಿಲಿಂಡರಿನ ಸಂಖ್ಯೆ. P0302 ಬಂತು ಎನ್ನಿ. ಎರಡನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ತೆಗೆದು ಮೂರನೆಯದಕ್ಕೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ತನ್ನಿ, ಸಂಕೇತವನ್ನು ಅಳಿಸಿ ಮತ್ತೆ ಓಡಿಸಿ. ಈಗ P0303 ಬಂದರೆ ಕಾಯಿಲ್ ಕೆಟ್ಟಿದೆ. ಮತ್ತೆ P0302 ಬಂದರೆ ಕಾಯಿಲ್ ಸರಿಯಿದೆ, ಪ್ಲಗ್ಗನ್ನು ಅದಲು ಬದಲು ಮಾಡಿ ನೋಡಿ, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಹೀಗೆ ಮಾಡಿದರೆ ಮೂರೂ ಕಾಯಿಲ್ ಬದಲಿಸುವ ಖರ್ಚು ತಪ್ಪುತ್ತದೆ. ಸಿಎನ್‌ಜಿ ಕಾರು ಇರುವವರು ಪ್ಲಗ್ಗಿನ ಅವಧಿಯನ್ನು ಮುಂದಕ್ಕೆ ಹಾಕಬೇಡಿ, ಸಿಎನ್‌ಜಿಯನ್ನು ಹೊತ್ತಿಸಲು ಹೆಚ್ಚಿನ ವೋಲ್ಟೇಜ್ ಬೇಕಾಗುವುದರಿಂದ ಸವೆದ ಪ್ಲಗ್ ಕಾಯಿಲನ್ನೂ ಹಾಳು ಮಾಡುತ್ತದೆ. ಎಂಜಿನ್ ದೀಪ ಮಿಟುಕುತ್ತಿದ್ದರೆ ಕಾರನ್ನು ನಿಲ್ಲಿಸಿಬಿಡಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸುತ್ತದೆ. ಒಂದು ಕಾಯಿಲಿಗೂ ಒಂದು ಕನ್ವರ್ಟರಿಗೂ ಬೆಲೆಯಲ್ಲಿ ಹೋಲಿಕೆಯೇ ಇಲ್ಲ.

ಓಡಿಸುವ ರೀತಿಯ ಬಗ್ಗೆ ಒಂದೇ ಮಾತು. ಕಬ್ಬು ನುರಿಸುವ ಹಂಗಾಮಿನಲ್ಲಿ ಗೋಕಾಕ, ಅಥಣಿ, ಮುಧೋಳ, ಜಮಖಂಡಿ ರಸ್ತೆಗಳಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ಹಿಂದೆ ನಾವೆಲ್ಲ ತೆವಳುತ್ತೇವೆ. ಆಗ ಮೈಲೇಜಿನ ಆಸೆಗೆ ನಾಲ್ಕನೆಯ, ಐದನೆಯ ಗೇರಿನಲ್ಲೇ ಉಳಿದು 1,200 ಸುತ್ತಿನಲ್ಲಿ ಆಕ್ಸಲರೇಟರ್ ಒತ್ತುವವರಿದ್ದಾರೆ. ನಾಲ್ಕು ಸಿಲಿಂಡರ್ ಇದನ್ನು ಸಹಿಸಿಕೊಳ್ಳುತ್ತದೆ. ಮೂರರಲ್ಲಿ ಅದೇ ಸುತ್ತಿನಲ್ಲಿ ಹೊಡೆತ ಕಡಿಮೆ, ಪ್ರತಿ ಹೊಡೆತದ ಬಲ ಹೆಚ್ಚು. ಅದು ಮೌಂಟಿಂಗನ್ನೂ ಕ್ಲಚ್ ಪ್ಲೇಟಿನ ಸ್ಪ್ರಿಂಗುಗಳನ್ನೂ ಬಡಿಯುತ್ತದೆ. ಮೂರು ಸಿಲಿಂಡರಿನ ಕೆಲವು ಟರ್ಬೊ ಕಾರುಗಳಲ್ಲಿ ಎರಡು ಭಾಗಗಳ ಫ್ಲೈವೀಲ್ ಇರುತ್ತದೆ, ಅದು ಕೆಟ್ಟರೆ ಖರ್ಚು ದೊಡ್ಡದು. ಡ್ಯಾಶ್‌ಬೋರ್ಡ್ ಗುರುಗುಟ್ಟತೊಡಗಿದರೆ ಒಂದು ಗೇರ್ ಇಳಿಸಿ. 1,600, 1,700ರಲ್ಲಿ ಓಡುವುದರಿಂದ ಹೆಚ್ಚಾಗುವ ಪೆಟ್ರೋಲ್ ಅಲ್ಪ.

ಸಭೆಯಿಂದ ಒಂದು ಪ್ರಶ್ನೆ ಬಂತು: ವಿಜಯಪುರದ ಕಡೆಯ ಒಬ್ಬರು ಹಳೆಯ ಕಾರು ಕೊಳ್ಳುವವರಿದ್ದಾರೆ, ನಾಲ್ಕು ಸಿಲಿಂಡರಿನ ಹಳೆಯ ಸ್ವಿಫ್ಟ್ ಕೊಳ್ಳಬೇಕೋ ಮೂರು ಸಿಲಿಂಡರಿನ ಹೊಸ ಮಾದರಿಯನ್ನೋ?

ನಿಮ್ಮ ಓಡಾಟ ಹೆಚ್ಚಾಗಿ ಸೊಲ್ಲಾಪುರ, ಹುಬ್ಬಳ್ಳಿ ಹೆದ್ದಾರಿಯಲ್ಲಾದರೆ ನಡುಕದ ಕಾರಣಕ್ಕೆ ಮೂರನ್ನು ಬಿಡಬೇಡಿ. ದಿನದ ಹೆಚ್ಚು ಹೊತ್ತು ಊರೊಳಗೆ, ಬೇಸಿಗೆಯಲ್ಲಿ ಎಸಿ ಹಾಕಿಕೊಂಡು, ನಿಂತು ನಿಂತು ಹೋಗುವವರಾದರೆ, ಮನೆಯಲ್ಲಿ ವಯಸ್ಸಾದವರು ಜೊತೆಗಿರುತ್ತಾರಾದರೆ, ನಾಲ್ಕನ್ನೇ ಹುಡುಕಿ. ಆ ವ್ಯತ್ಯಾಸ ನಿಮಗೆ ದಿನವೂ ತಿಳಿಯುತ್ತದೆ. ಯಾವುದನ್ನೇ ನೋಡಲು ಹೋದರೂ ಎಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಬಿಸಿಯಾದ ಮೇಲೆ ಎಸಿ ಹಾಕಿ, ಫ್ಯಾನನ್ನು ಪೂರ್ತಿ ತಿರುಗಿಸಿ, ಹೆಡ್‌ಲೈಟ್ ಹಚ್ಚಿ, ಕೈಯನ್ನು ಸ್ಟಿಯರಿಂಗ್ ಮೇಲೆ ಹಗುರವಾಗಿ ಇಟ್ಟು ಕುಳಿತುಕೊಳ್ಳಿ. ಮೂರು ಸಿಲಿಂಡರಿನಲ್ಲಿ ಸಣ್ಣ ಕಂಪನ ಕೈಗೆ ತಿಳಿದರೆ ಅದು ಸರಿಯೇ. ಕನ್ನಡಿಯಲ್ಲಿನ ಚಿತ್ರ ಮಸುಕಾದರೆ ಮೌಂಟಿಂಗ್ ಖರ್ಚನ್ನು ಬೆಲೆಯಲ್ಲಿ ಕಡಿತ ಕೇಳಿ. ಕೊನೆಗೆ ಎಂಜಿನ್ ಆಫ್ ಮಾಡುವಾಗ ಕಿವಿಗೊಡಿ. ಒಳ್ಳೆಯ ಮೌಂಟಿಂಗ್ ಇರುವ ಕಾರು ಒಮ್ಮೆ ಮೆಲ್ಲಗೆ ತೂಗಿ ನಿಲ್ಲುತ್ತದೆ. ರಬ್ಬರ್ ಹೋದ ಕಾರಿನಲ್ಲಿ ಲೋಹಕ್ಕೆ ಲೋಹ ಬಡಿದ ಸದ್ದು ಬರುತ್ತದೆ.